ಆರು ಪುಟದ ನಡಾವಳಿ

ದೀಪಾಲಿ ಬರೆದ ನಡಾವಳಿಯನ್ನು ಎಲ್ಲರೂ ಹೊಗಳುತ್ತಿದ್ದರು, ಯಾರೂ ಪೂರ್ತಿ ಓದುತ್ತಿರಲಿಲ್ಲ.

ಮಿರಜದ ಸ್ಟೇಷನ್ನಿಗೆ ಹತ್ತಿರದಲ್ಲಿರುವ ಅರವತ್ತು ಹಾಸಿಗೆಯ ಒಂದು ಖಾಸಗಿ ಆಸ್ಪತ್ರೆಯ ಆಫೀಸಿನಲ್ಲಿ ಅವಳು ಇಪ್ಪತ್ತೊಂದು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಮನೆ ಸಾಂಗ್ಲಿಯಲ್ಲಿ. ತಂದೆ ಗುರುಸಿದ್ಧಪ್ಪ ಅರಿಷಿಣ ಪೇಟೆಯಲ್ಲಿ ದಲಾಲಿ ಮಾಡುತ್ತಿದ್ದವರು. ಹರಾಜಿನ ಸವಾಲಿನಲ್ಲಿ ಯಾರು ಏನು ಕೂಗಿದರು ಎನ್ನುವುದನ್ನು ಒಂದಕ್ಷರ ಬಿಡದೆ ಬರೆದುಕೊಳ್ಳುವುದನ್ನು ಮಗಳಿಗೆ ಚಿಕ್ಕಂದಿನಲ್ಲೇ ಕಲಿಸಿದ್ದರು. ‘ಬರದದ್ದು ಎಂದೂ ಹೆಚ್ಚಾಗೂದಿಲ್ಲ’ ಎನ್ನುತ್ತಿದ್ದರಂತೆ. ಆ ಮಾತನ್ನು ದೀಪಾಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಪ್ರತಿ ತಿಂಗಳ ಮೊದಲ ಅಥವಾ ಎರಡನೆಯ ಶನಿವಾರ ಮಧ್ಯಾಹ್ನ ಮೂರಕ್ಕೆ ಆಸ್ಪತ್ರೆಯಲ್ಲಿ ಸುರಕ್ಷತಾ ಸಮಿತಿಯ ಸಭೆ. ಅಧ್ಯಕ್ಷರು ಆಸ್ಪತ್ರೆಯ ಮಾಲೀಕರಾದ ಡಾಕ್ಟರ್ ಧನಪಾಲ. ನರ್ಸುಗಳ ಮುಖ್ಯಸ್ಥೆ ಜಿನಮತಿ ಸಿಸ್ಟರ್, ಕಟ್ಟಡದ ನಳ, ಲೈಟು, ಬಾಗಿಲು, ಲಿಫ್ಟು ಎಲ್ಲ ನೋಡಿಕೊಳ್ಳುವ ಜ್ಯೋತೆಪ್ಪ, ಮತ್ತೆ ಇಬ್ಬರು ಮೂವರು ಡಾಕ್ಟರುಗಳು. ಮೂಲೆಯ ಕುರ್ಚಿಯಲ್ಲಿ ವಹಿ ಹಿಡಿದು ದೀಪಾಲಿ. ಇವರಲ್ಲಿ ಹೆಚ್ಚಿನವರ ಮನೆಮಾತು ಕನ್ನಡ. ಆದ್ದರಿಂದ ಮಾತು ಮರಾಠಿಯಲ್ಲಿ ಶುರುವಾಗಿ ಕನ್ನಡಕ್ಕೆ ಜಾರಿ, ಯಾರಾದರೂ ಸಿಟ್ಟಾದರೆ ಮತ್ತೆ ಮರಾಠಿಗೆ ಹೋಗುತ್ತಿತ್ತು. ನಡಾವಳಿ ಮಾತ್ರ ಮರಾಠಿಯಲ್ಲೇ ಆಗಬೇಕು. ದೀಪಾಲಿ ಎಲ್ಲವನ್ನೂ ಗೀಚಿಕೊಂಡು, ಸೋಮವಾರ ಕೂತು ಶುದ್ಧಪ್ರತಿ ತಯಾರಿಸುತ್ತಿದ್ದಳು. ಒಮ್ಮೊಮ್ಮೆ ಐದು ಪುಟ, ಒಮ್ಮೊಮ್ಮೆ ಏಳು.

“ದೀಪಾಲಿತಾಯಿ ನಡಾವಳಿ ಅಂದ್ರ ಸಿನಿಮಾ ನೋಡಿದಂಗ ಆಗತೈತಿ” ಎಂದು ಡಾಕ್ಟರ್ ಧನಪಾಲ ಹೊರಗಿನವರ ಮುಂದೆ ಹೇಳುವುದಿತ್ತು. ಅವಳ ಮುಖ ಅರಳುತ್ತಿತ್ತು.

ಆ ವರ್ಷದ ಮಾರ್ಚ್ ತಿಂಗಳ ಸಭೆ ಎರಡೂವರೆ ಗಂಟೆ ನಡೆಯಿತು. ಮೊದಲು ಪಾರ್ಕಿಂಗ್ ವಿಷಯ ಬಂತು. ಅಲ್ಲಿಂದ ಕ್ಯಾಂಟೀನಿನ ಚಹಾ, ಅಲ್ಲಿಂದ ಹೊಸ ಎಕ್ಸರೇ ಮಶೀನು. ನಡುವೆ ಜಿನಮತಿ ಸಿಸ್ಟರ್ ಕೈ ಎತ್ತಿದಳು.

“ಸರ್, ಹೆಂಗಸರ ವಾರ್ಡಿನ ಮೂರನೇ ಬಾಥರೂಮಿನಾಗ ಕಮೋಡಿನ ಬಾಜೂಕಿನ ಹಿಡಿಕಿ ಅಲಗಾಡಾಕತ್ತೈತಿ. ಸ್ಕ್ರೂ ಹೊರಗ ಬಂದಾವು. ಯಾರರ ಮುದುಕ್ಯಾರು ಅದನ್ನ ಹಿಡದ ಎದ್ದರ ಕಥಿ ಮುಗೀತು.”

“ಅಲ್ಲಿ ಗ್ವಾಡೀಗೆ ಹಚ್ಚಿದ ಟಾಯಿಲ್ಸ ಸರಿಯಿಲ್ರಿ” ಎಂದ ಜ್ಯೋತೆಪ್ಪ. “ಗ್ವಾಡಿ ಒಳಗ ಟೊಳ್ಳೈತಿ. ಬರೇ ಸ್ಕ್ರೂ ಬಿಗದ್ರ ನಿಂದ್ರೂದಿಲ್ಲ.”

ಟಾಯಿಲ್ಸ್ ಎಂದ ಕೂಡಲೇ ಮಾತು ಟಾಯಿಲ್ಸಿನ ಕಂಪನಿಗೆ ಹೋಯಿತು. ಒಬ್ಬ ಡಾಕ್ಟರು ತಮ್ಮ ಹೊಸ ಮನೆಗೆ ಹಾಕಿಸಿದ ಟಾಯಿಲ್ಸಿನ ವರ್ಣನೆ ಮಾಡಿದರು. ಕೊನೆಗೆ ಧನಪಾಲರು ಕೈಗಡಿಯಾರ ನೋಡುತ್ತ, “ಆತು, ಆತು, ಅದನ್ನ ಬದಲಿ ಮಾಡಿಬಿಡ್ರಿ ಲಗೂನ” ಎಂದರು. ಎಲ್ಲರೂ ತಲೆಯಾಡಿಸಿದರು. ಮಾತು ಮತ್ತೆ ಪಾರ್ಕಿಂಗಿಗೆ ಬಂತು.

ಸೋಮವಾರ ದೀಪಾಲಿ ಆರು ಪುಟ ಬರೆದಳು. ಟಾಯಿಲ್ಸಿನ ಕಂಪನಿಯ ಹೆಸರೂ ಅದರಲ್ಲಿ ಬಂತು. ನಾಲ್ಕನೆಯ ಪುಟದ ನಡುವೆ, ಒಂದು ದೀರ್ಘ ಪರಿಚ್ಛೇದದ ಕೊನೆಯಲ್ಲಿ, ಸ್ನಾನಗೃಹದ ಹಿಡಿಕೆಯ ಕುರಿತು ಸವಿಸ್ತಾರ ಚರ್ಚೆಯಾಗಿ ‘ಯೋಗ್ಯ ತೀ ಕಾರ್ಯವಾಹೀ ಕರಣ್ಯಾತ ಯಾವೀ ಅಸೆ ಠರಲೆ’ ಎಂದು ಸೇರಿಸಿದಳು. ತಕ್ಕ ಕ್ರಮ ಕೈಗೊಳ್ಳತಕ್ಕದ್ದೆಂದು ಠರಾವಾಯಿತು ಎಂದು ಅರ್ಥ. ಸರಕಾರಿ ಕಾಗದದಲ್ಲಿ ಬರುವ, ಓದಿದರೆ ಘನವಾಗಿ ಕೇಳಿಸುವ ಮಾತು. ಆ ವಾಕ್ಯದಲ್ಲಿ ಕ್ರಮ ಕೈಗೊಳ್ಳುವವನಿಲ್ಲ, ದಿನವೂ ಇಲ್ಲ. ಇಪ್ಪತ್ತೊಂದು ವರ್ಷದಲ್ಲಿ ಅವಳು ಅಂಥ ವಾಕ್ಯವನ್ನು ಎಷ್ಟು ಸಲ ಬರೆದಿದ್ದಳೋ. ಹೆಸರು ಬರೆದರೆ ಒಬ್ಬರ ಕಡೆ ಬೆರಳು ಮಾಡಿದಂತಾಗುತ್ತದೆ ಎಂದು ಅವಳಿಗೆ ಸಂಕೋಚ. ಜ್ಯೋತೆಪ್ಪ ಅವಳಿಗಿಂತ ಹಿರಿಯ, ಎಲ್ಲರೂ ಮಾಮಾ ಎನ್ನುವವನು. ಜಿನಮತಿಯೋ ಜೀವದ ಗೆಳತಿ, ದಿನಾ ಕೂಡಿ ಊಟ ಮಾಡುವವಳು.

ಏಪ್ರಿಲಿನ ಸಭೆಯಲ್ಲಿ ಧನಪಾಲರು, “ಹಿಂದಿನ ಮೀಟಿಂಗಿನ ನಡಾವಳಿ ಎಲ್ಲಾರೂ ಓದೀರಲಾ? ಕಾಯಮ್ ಮಾಡೂಣು?” ಎಂದು ಕೇಳಿದರು. “ಹೂಂ ರಿ” ಎಂದರು ಎಲ್ಲರೂ. ಸಹಿ ಬಿತ್ತು. ಮೇ ತಿಂಗಳಲ್ಲಿ ಧನಪಾಲರ ಮನೆಯಲ್ಲಿ ಮದುವೆ, ಸಭೆ ಮುಂದೆ ಹೋಯಿತು.

ಮೇ ಎರಡನೆಯ ವಾರ ಹತ್ತಿರದ ಬೇಡಗ ಹಳ್ಳಿಯಿಂದ ಕೃಷ್ಣವ್ವ ಎಂಬ ಮುದುಕಿ ಮೂತ್ರಪಿಂಡದ ಹರಳಿನ ಆಪರೇಷನ್ನಿಗೆ ಬಂದು ದಾಖಲಾದಳು. ಎಪ್ಪತ್ತೊಂದು ವರ್ಷ, ಕಟ್ಟುಮಸ್ತು ಹೆಂಗಸು. ಮಗ ಪಾಯಪ್ಪನಿಗೆ ದ್ರಾಕ್ಷಿ ತೋಟ. ದಾಖಲಾತಿಯ ಫಾರ್ಮು ತುಂಬುವಾಗ ದೀಪಾಲಿ ಕನ್ನಡದಲ್ಲಿ ಮಾತಾಡಿದ್ದೇ ತಡ, ಮುದುಕಿ ಅವಳ ಕೈ ಹಿಡಿದುಬಿಟ್ಟಳು.

“ನಮ್ಮ ಮಾತಾಡೂ ಹುಡುಗಿ ಸಿಕ್ಕಳಲ್ಲಪಾ! ಈ ನರ್ಸ್ ಹುಡುಗ್ಯಾರು ಎಲ್ಲಾ ತಿಳೀತೈತಿ ಅಂತಾರು, ಒಂದಕ್ಕೂ ತಿರುಗಿ ಮಾತಾಡೂದಿಲ್ಲ.”

ಆಪರೇಷನ್ ಚೆನ್ನಾಗಿಯೇ ಆಯಿತು. ದೀಪಾಲಿ ದಿನಾ ಮಧ್ಯಾಹ್ನ ಹತ್ತು ನಿಮಿಷ ಹೋಗಿ ಕೂತು ಬರುತ್ತಿದ್ದಳು. ಕೃಷ್ಣವ್ವ ದಿನಾ ನಸುಕಿನಲ್ಲಿ ಎದ್ದು, ಮಡಿಯುಟ್ಟು, ಬಸದಿಗೆ ನಡೆದುಹೋಗಿ ಬಂದ ಮೇಲೇ ಬಾಯಿಗೆ ನೀರು ಹಾಕುವವಳು. ಐವತ್ತು ವರ್ಷದಲ್ಲಿ ಅದು ತಪ್ಪಿದ್ದು ಹೆರಿಗೆಗಳಲ್ಲಿ ಮತ್ತು ಈಗ. “ಶನಿವಾರ ಮನೀಗೆ ಬಿಡತಾರಂತ. ಐತವಾರ ಬಸದಿಗೆ ಹೋಗಾಕ ಬೇಕು” ಎನ್ನುತ್ತಿದ್ದಳು.

ಬುಧವಾರ ಬೆಳಿಗ್ಗೆ ಆರು ಗಂಟೆಗೆ ಅವಳು ಮೂರನೆಯ ಬಾಥರೂಮಿಗೆ ಹೋದಳು. ಕಮೋಡಿನಿಂದ ಏಳಲು ಗೋಡೆಯ ಹಿಡಿಕೆಯ ಮೇಲೆ ಭಾರ ಹಾಕಿದಳು. ಹಿಡಿಕೆ ಸ್ಕ್ರೂ ಸಮೇತ ಕೈಗೆ ಬಂತು. ಸದ್ದು ಕೇಳಿ ನರ್ಸುಗಳು ಓಡಿ ಬಂದಾಗ ಅವಳು ಒದ್ದೆ ನೆಲದ ಮೇಲೆ ಬಲ ಮಗ್ಗುಲಾಗಿ ಬಿದ್ದಿದ್ದಳು. ಹಿಡಿಕೆ ಇನ್ನೂ ಮುಷ್ಟಿಯಲ್ಲೇ ಇತ್ತು. ಬಲಗಡೆಯ ಸೊಂಟದ ಎಲುಬು ಮುರಿದಿತ್ತು.

ದೀಪಾಲಿ ಒಂಬತ್ತಕ್ಕೆ ಬಂದಾಗ ಮುದುಕಿಯನ್ನು ಎಕ್ಸರೇಗೆ ಒಯ್ದಿದ್ದರು. ಬಾಗಿಲಲ್ಲಿ ಜಿನಮತಿ ನಿಂತಿದ್ದಳು. “ನಾ ಹೇಳಿದ್ದೆ. ಮಾರ್ಚಿನಾಗ ಹೇಳಿದ್ದೆ” ಎಂದಷ್ಟೇ ಅಂದಳು. ದೀಪಾಲಿಗೆ ಆಗಲೇ ನಾಲ್ಕನೆಯ ಪುಟ ಕಣ್ಣ ಮುಂದೆ ಬಂತು.

ಶುಕ್ರವಾರ ತುರ್ತು ಸಭೆ. ಧನಪಾಲರು ಮಾರ್ಚಿನ ನಡಾವಳಿ ತರಿಸಿದರು. ಅಂದು ಮೊದಲ ಸಲ ಆ ಆರು ಪುಟವನ್ನು ಎಲ್ಲರೂ ನಿಜವಾಗಿ ಓದಿದರು. ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸಿ, ಬೆರಳಿಟ್ಟು ಹುಡುಕಿ, ಕೊನೆಗೆ ಸಾಲು ಸಿಕ್ಕಿತು.

“ಇದನ್ನ ಯಾರು ಮಾಡಬೇಕಿತ್ತು?” ಧನಪಾಲರು ಕೇಳಿದರು.

“ಸಿಸ್ಟರು ಹಿಡಿಕಿ ಬೇಕಂತ ಮಾಗಣಿ ಚೀಟಿ ಬರದ ಕೊಡತಾರು, ಆಮ್ಯಾಲ ಹೊಸಾ ಹಿಡಿಕಿ ತರಸೂಣು ಅಂತ ನಾ ಕುಂತಿದ್ದೆ ರಿ” ಎಂದ ಜ್ಯೋತೆಪ್ಪ. “ಚೀಟಿ ಇಲ್ದ ಸ್ಟೋರಿನವರು ಒಂದ ಮೊಳೀನೂ ಕೊಡೂದಿಲ್ಲ.”

“ಮೀಟಿಂಗಿನಾಗ ಸರ್ ಹೇಳಿದ ಮ್ಯಾಲ ಚೀಟಿ ಯಾತಕ್ಕ?” ಎಂದಳು ಜಿನಮತಿ. “ಮಾಮಾ ಟಾಯಿಲ್ಸ ತಗಸತಾರು ಅಂತ ನಾ ದಾರಿ ನೋಡಿದ್ನಿ.”

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರನ್ನು ಕಾಯುತ್ತ ಎರಡು ತಿಂಗಳು ಕಳೆದಿತ್ತು.

ಸಭೆ ಮುಗಿದ ಮೇಲೆ ಧನಪಾಲರು ದೀಪಾಲಿಯನ್ನು ಒಳಗೆ ಕರೆದರು. ಅವರು ಕೆಟ್ಟ ಮನುಷ್ಯರಲ್ಲ. ಮುದುಕಿಯ ಸೊಂಟದ ಆಪರೇಷನ್ನನ್ನು ಆಸ್ಪತ್ರೆಯೇ ಮಾಡಿಕೊಡುತ್ತದೆಂದು ಪಾಯಪ್ಪನಿಗೆ ಆಗಲೇ ಹೇಳಿದ್ದರು. ಆದರೆ ಹೆದರಿದ್ದರು.

“ನೋಡ ತಾಯಿ, ನಾಳೆ ಯಾರರ ಬಂದು ಕೇಳಿದ್ರ ಈ ಕಾಗದಾ ತೋರಸಬೇಕಾಗತೈತಿ. ಆ ಸಾಲಿನ್ಯಾಗ ‘ಜ್ಯೋತೆಪ್ಪ, ಮಾರ್ಚ್ ಮೂವತ್ತೊಂದರ ಒಳಗ’ ಅಂತ ಹಾಕಿ ಇನ್ನೊಂದು ಪ್ರತಿ ತಗದಬಿಡು. ಅದು ಅವನ ಕೆಲಸನ ಅಲ್ಲೇನು?”

“ಕಾಯಮ್ ಆಗಿ ಸಹಿ ಬಿದ್ದದ್ದನ್ನ ಹೆಂಗ ತಿದ್ದಲಿ ಸರ್? ತಪ್ಪಿದ್ರ ಮುಂದಿನ ಮೀಟಿಂಗಿನಾಗ ಎಲ್ಲಾರ ಮುಂದ ದುರುಸ್ತಿ ಅಂತ ಬರೀಬೇಕು. ಮತ್ತ ನೀವು ಅವತ್ತ ತಾರೀಖು ಹೇಳಲೇ ಇಲ್ಲ.”

“ಹೆಸರರ ಹೇಳಿರಬೇಕಲಾ? ನಿನ್ನ ಕಚ್ಚಾ ವಹಿ ನೋಡು. ನೀ ಏನೂ ಬಿಡೂದಿಲ್ಲ.”

ಅವಳು ಕಚ್ಚಾ ವಹಿ ತಂದಳು. ಮಾರ್ಚಿನ ಹಾಳೆಯಲ್ಲಿ ಗೀಚಿದ ಅಕ್ಷರ: ಹಿಡಿಕಿ — ಬದಲಿ — ಲಗೂ. ಮುಂದೆ ಒಂದು ‘ಜ’, ಅದರ ಪಕ್ಕ ಒಂದು ಚುಕ್ಕೆ.

ದೀಪಾಲಿ ಅದನ್ನೇ ನೋಡುತ್ತ ನಿಂತಳು. ಅಂದು ಧನಪಾಲರು ಒಬ್ಬರ ಕಡೆ ನೋಡಿರಬೇಕು, ಅಥವಾ ಕೈ ಮಾಡಿರಬೇಕು. ಅದನ್ನು ನೋಡಿಯೇ ಅವಳು ‘ಜ’ ಬರೆದಿರಬೇಕು. ಬರೆಯುವಾಗ ಆ ಅಕ್ಷರ ಯಾರದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಸೋಮವಾರ ಶುದ್ಧಪ್ರತಿಯಲ್ಲಿ ಬಿಟ್ಟಿದ್ದಳು. ಈಗ ಎಷ್ಟು ನೆನೆದರೂ ಅದು ಜ್ಯೋತೆಪ್ಪನೋ ಜಿನಮತಿಯೋ ನೆನಪಾಗಲಿಲ್ಲ. ಟಾಯಿಲ್ಸಿನ ಕಂಪನಿಯ ಹೆಸರು ಮಾತ್ರ ನೆನಪಿತ್ತು.

“ನನಗ ನೆನಪಿಲ್ಲ ಸರ್. ನೆನಪಿಲ್ಲದ್ದನ್ನ ನಾ ಒಬ್ಬರ ಹೆಸರಿನ ಮ್ಯಾಲ ಬರಿಯೂದಿಲ್ಲ.”

ಧನಪಾಲರು ಬಹಳ ಹೊತ್ತು ವಹಿ ನೋಡಿದರು. ಮತ್ತೆ ಒತ್ತಾಯ ಮಾಡಲಿಲ್ಲ. “ಹೋಗ ತಾಯಿ” ಎಂದರು.

ಅವಳು ಸುಳ್ಳು ಬರೆಯದೆ ಉಳಿದಳು. ಆದರೆ ‘ಜ’ದ ಸುದ್ದಿ ಹೇಗೋ ಹೊರಗೆ ಬಿತ್ತು. ಊಟದ ಕೋಣೆಯಲ್ಲಿ, ಲಿಫ್ಟಿನಲ್ಲಿ, ಎಲ್ಲ ಕಡೆ ಅದೇ ಮಾತು. ಅಲ್ಲಿಯವರೆಗೆ ಜ್ಯೋತೆಪ್ಪ ಮತ್ತು ಜಿನಮತಿ ಒಬ್ಬರ ಮನೆಯ ಹೋಳಿಗೆ ಒಬ್ಬರು ತಿನ್ನುತ್ತಿದ್ದವರು. ಈಗ ಕಾರಿಡಾರಿನಲ್ಲಿ ಎದುರಾದರೆ ಗೋಡೆ ನೋಡುತ್ತ ದಾಟತೊಡಗಿದರು. ಜಿನಮತಿ ದೀಪಾಲಿಯ ಜೊತೆ ಊಟಕ್ಕೆ ಕೂರುವುದನ್ನೂ ಬಿಟ್ಟಳು. “ನಿನಗ ಗೊತ್ತಿತ್ತು. ಬರಿಯಲಿಲ್ಲ” ಎಂದು ಒಂದೇ ಸಲ ಹೇಳಿದಳು, ಮತ್ತೆ ಆ ಮಾತೆತ್ತಲಿಲ್ಲ.

ಆ ಭಾನುವಾರ ದೀಪಾಲಿ ಮನೆಯಲ್ಲಿ ಮಾರ್ಚಿನ ಕಚ್ಚಾ ವಹಿ, ಒಂದು ಖಾಲಿ ಹಾಳೆ ಎರಡನ್ನೂ ಇಟ್ಟುಕೊಂಡು ಕೂತಳು. ಆ ಸಭೆಯ ನಡಾವಳಿಯನ್ನು ಸರಿಯಾಗಿ ಬರೆದಿದ್ದರೆ ಹೇಗಿರುತ್ತಿತ್ತು ಎಂದು ಅವಳಿಗೆ ನೋಡಬೇಕಿತ್ತು. ಯಾರಿಗೂ ಕೊಡಲಿಕ್ಕಲ್ಲ, ತನಗೇ. ಒಂದೊಂದು ಸಾಲಿಗೂ ಬೆರಳಿಟ್ಟು ಕೇಳಿಕೊಂಡಳು: ಇದು ಬರೀ ಮಾತೋ, ಠರಾವೋ? ಕ್ಯಾಂಟೀನಿನ ಚಹಾ ಬರೀ ಮಾತು, ಹೊಡೆದುಹಾಕಿದಳು. ಟಾಯಿಲ್ಸಿನ ವರ್ಣನೆ ಹೋಯಿತು. ‘ನೋಡೂಣು’ ಎಂದದ್ದು ಹನ್ನೊಂದು ಕಡೆ ಇತ್ತು. ನೋಡೂಣು ಎಂದರೆ ಏನೂ ಠರಾಯಿಸಿಲ್ಲ ಎಂದೇ ಅರ್ಥ. ಅವನ್ನು ಬೇರೆ ತೆಗೆದು ‘ಇನ್ನೂ ಠರಾಯಿಸಬೇಕಾದದ್ದು’ ಎಂದು ಕೆಳಗೆ ಬರೆದಳು. ಎರಡೂವರೆ ಗಂಟೆಯ ಸಭೆಯಲ್ಲಿ ಕೊನೆಗೆ ಉಳಿದ ಠರಾವು ಐದು. ಮುಂದೆ ಮತ್ತೆರಡು ಅಂಕಣ ಗೆರೆ ಹಾಕಿದಳು: ಯಾರು ಮಾಡಬೇಕು, ಯಾವ ದಿನದೊಳಗೆ. ಐದರಲ್ಲಿ ಎರಡಕ್ಕೆ ಹೆಸರಿತ್ತು. ದಿನಾಂಕ ಒಂದಕ್ಕೂ ಇರಲಿಲ್ಲ. ಖಾಲಿ ಉಳಿದ ಮನೆಗಳಲ್ಲಿ ತಾನೇ ಊಹಿಸಿ ಏನಾದರೂ ತುಂಬುವ ಹಾಗಿರಲಿಲ್ಲ. ಆ ಖಾಲಿ ಜಾಗ ಅಂದೇ ಕಣ್ಣಿಗೆ ಬಿದ್ದಿದ್ದರೆ, ಸೋಮವಾರ ಒಂದು ಫೋನು ಮಾಡಿ, ಸರ್, ಇದು ಯಾರದು, ಯಾವಾಗ ಎಂದು ಕೇಳಬಹುದಾಗಿತ್ತು. ಆರು ಪುಟದಲ್ಲಿ ಖಾಲಿ ಜಾಗ ಕಾಣುವುದಿಲ್ಲ.

ಎಲ್ಲ ಸೇರಿ ಅರ್ಧ ಪುಟವಾಯಿತು. ಅವಳು ಅದನ್ನು ಮಡಚಿಟ್ಟು ಅತ್ತಳು.

ಜೂನ್ ಏಳರ ಸಭೆ ಕೊನೆಗೆ ಬಂದಾಗ ದೀಪಾಲಿ ಎದ್ದು ನಿಂತಳು. ಇಪ್ಪತ್ತೊಂದು ವರ್ಷದಲ್ಲಿ ಸಭೆಯಲ್ಲಿ ಅವಳು ತಾನಾಗಿ ಬಾಯಿ ತೆರೆದದ್ದು ಅದೇ ಮೊದಲು.

“ಎಲ್ಲಾರೂ ಏಳೂಕಿಂತಾ ಮದಲ ನಾ ಠರಾವು ಓದತೇನ್ರಿ. ತಪ್ಪಿದ್ರ ಇಲ್ಲೇ ಹೇಳ್ರಿ.” ಓದಿದಳು. “ಹೆಂಗಸರ ವಾರ್ಡಿನ ಉಳಿದ ಬಾಥರೂಮಿನ ಹಿಡಿಕಿ ಎಲ್ಲಾ ಬದಲಿ ಮಾಡೂದು. ಇದು ಯಾರದು ಸರ್?”

ಒಬ್ಬ ಡಾಕ್ಟರು, “ಮೆಂಟೆನನ್ಸ್ ಡಿಪಾರ್ಟಮೆಂಟ ಅಂತ ಹಾಕ್ರಿ” ಎಂದರು.

“ಡಿಪಾರ್ಟಮೆಂಟಿಗೆ ಕೈ ಇರೂದಿಲ್ರಿ. ಒಬ್ಬರ ಹೆಸರು ಬೇಕು.”

ಜ್ಯೋತೆಪ್ಪ ತಲೆ ಎತ್ತದೆ ಹೇಳಿದ: “ನನ್ನ ಹೆಸರು ಬರಿಯವಾ. ಚೀಟಿ ಸಿಸ್ಟರು ಸೋಮವಾರ ಕೊಟ್ರ ಗುರುವಾರದೊಳಗ ಮುಗಸತೇನಿ.”

ಅವಳು ಅದನ್ನು ಎರಡು ಸಾಲು ಮಾಡಿದಳು. ಮಾಗಣಿ ಚೀಟಿ ಕೊಡುವುದು: ಜಿನಮತಿ, ಜೂನ್ ೯, ಸೋಮವಾರ. ಹಿಡಿಕೆ ಬದಲಿಸಿ, ಜಗ್ಗಿ ಪರೀಕ್ಷಿಸುವುದು: ಜ್ಯೋತೆಪ್ಪ, ಜೂನ್ ೧೨, ಗುರುವಾರ. ಲಗೂ, ಬೇಗ ಎನ್ನುವ ಮಾತು ಎಲ್ಲಿಯೂ ಇರಲಿಲ್ಲ. ಒಂದೇ ಪುಟ, ಅದೇ ಸಂಜೆ ಎಲ್ಲರ ಫೋನಿಗೂ ಹೋಯಿತು.

ಜ್ಯೋತೆಪ್ಪ ಬುಧವಾರವೇ ಕೆಲಸ ಮುಗಿಸಿದ. ಟೊಳ್ಳು ಟಾಯಿಲ್ಸ್ ಒಡೆದು, ಸಿಮೆಂಟು ತುಂಬಿ, ತನ್ನ ಮೈಭಾರವನ್ನೆಲ್ಲ ಹಾಕಿ ಒಂದೊಂದು ಹಿಡಿಕೆಯನ್ನೂ ಜಗ್ಗಿ ನೋಡಿದ. ತಿಂಗಳ ಕೊನೆಗೆ ಕೆಲಸ ಬಿಟ್ಟ. ಯಾರೂ ಬಿಡು ಎಂದಿರಲಿಲ್ಲ. ಕೀಲಿಗೊಂಚಲನ್ನು ಆಫೀಸಿನ ಟೇಬಲ್ಲಿನ ಮೇಲಿಟ್ಟಾಗ ದೀಪಾಲಿ, “ಮಾಮಾ, ನಿಮ್ಮ ಮ್ಯಾಲ ಯಾರೂ ತಪ್ಪು ಹೊರಸಿಲ್ಲ” ಎಂದಳು.

“ಹೊರಸಿದ್ರ ಛಲೋ ಇತ್ತವಾ. ತಪ್ಪು ಅಂದ್ರ ತಪ್ಪು, ಅಲ್ಲ ಅಂದ್ರ ಅಲ್ಲ. ಈಗ ಎಲ್ಲಾರೂ ನನ್ನ ನೋಡಿ ‘ಇವನ ಇರಬಹುದು’ ಅಂತಾರು. ಅದ ಇರಬಹುದಿನಾಗ ನಾ ಹೆಂಗ ದಿನಾ ತಗೀಲಿ?”

ಅವಳು ಕೀಲಿಗೊಂಚಲನ್ನು ಎತ್ತಿ ಡ್ರಾಯರಿನಲ್ಲಿಟ್ಟಳು.

ಸೆಪ್ಟೆಂಬರಿನಲ್ಲಿ ಒಂದು ದಿನ ದೀಪಾಲಿ ರಜೆ ಹಾಕಿ ಬೇಡಗಕ್ಕೆ ಹೋದಳು. ಪಾಯಪ್ಪ ತೋಟಕ್ಕೆ ಹೋಗಿದ್ದ. ಕೃಷ್ಣವ್ವ ಪಡಸಾಲೆಯ ಮಂಚದ ಮೇಲೆ ಕೂತಿದ್ದಳು. ಪಕ್ಕದಲ್ಲಿ ನಾಲ್ಕು ಕಾಲಿನ ವಾಕರ್. ಮೈ ಅರ್ಧಕ್ಕೆ ಇಳಿದಿತ್ತು. ಗುರುತು ಹಿಡಿದು, “ಬಾ ಬಾ, ಕುಂದ್ರು” ಎಂದಳು. ಸೊಸೆಗೆ ಚಹಾ ಮಾಡಲು ಹೇಳಿದಳು.

“ಬಸದಿಗೆ ಹೋಗಿ ನಾಕ ತಿಂಗಳಾತು” ಎಂದಳು. “ಪಾಯಪ್ಪ ಗಾಡಿ ಮ್ಯಾಲ ಒಯ್ತೇನಂತಾನು. ಮೆಟ್ಟಲಾ ಹತ್ತಾಕ ಇಬ್ಬರು ಹಿಡೀಬೇಕು. ದೇವರ ಮುಂದ ಹಂಗ ಹೋಗಾಕ ನನಗ ಮನಸ ಬರೂದಿಲ್ಲ.”

ದೀಪಾಲಿ ಹೇಳಬೇಕೆಂದು ಬಂದದ್ದನ್ನು ಹೇಳಿದಳು. ಸಭೆಯಲ್ಲಿ ಹಿಡಿಕೆಯ ಮಾತು ಎರಡು ತಿಂಗಳು ಮೊದಲೇ ಬಂದಿತ್ತೆಂದೂ, ಅದನ್ನು ಬರೆದುಕೊಂಡವಳು ತಾನೆಂದೂ.

ಮುದುಕಿಗೆ ಮೊದಲು ತಿಳಿಯಲಿಲ್ಲ. “ನೀ ಬರಿಯೂದಕ್ಕೂ ಹಿಡಿಕಿ ಕಿತ್ತ ಬರೂದಕ್ಕೂ ಏನ ಸಂಬಂಧ? ನೀನೇನ ಬಡಿಗ್ಯಾಳೇನು?”

“ಯಾರು ಮಾಡಬೇಕು, ಯಾವತ್ತಿನೊಳಗ ಮಾಡಬೇಕು, ಅಷ್ಟ ಬರೀಬೇಕಿತ್ತು ಅಜ್ಜಿ. ಹಂಗ ಬರದ ಇಟ್ಟಿದ್ರ ಅವರು ಮಾಡತಿದ್ರು. ಮಾಡಲಿಲ್ಲಂದ್ರ ನಾವು ಹೋಗಿ ಕೇಳತಿದ್ವಿ. ನಾ ಉಳದದ್ದೆಲ್ಲಾ ಬರದೆ, ಅದನ್ನ ಬಿಟ್ಟೆ.”

ಕೃಷ್ಣವ್ವ ಸ್ವಲ್ಪ ಹೊತ್ತು ವಾಕರಿನ ರಬ್ಬರನ್ನು ಬೆರಳಿನಿಂದ ಒತ್ತುತ್ತ ಕೂತಳು.

“ಅಷ್ಟ ಬರಿಯಾಕ ಎಷ್ಟ ಜಾಗಾ ಬೇಕಿತ್ತು?”

“ಒಂದ ಸಾಲು.”

“ಹೂಂ” ಎಂದಳು ಮುದುಕಿ. ಬೈಯಲಿಲ್ಲ. ಇರಲಿ ಬಿಡು ಎಂದೂ ಅನ್ನಲಿಲ್ಲ. ಸೊಸೆ ಚಹಾ ತಂದಿಟ್ಟಳು. “ಆರತೈತಿ, ಕುಡಿ” ಎಂದಳು ಕೃಷ್ಣವ್ವ, ಮತ್ತೆ ಆ ವರ್ಷದ ದ್ರಾಕ್ಷಿಯ ಮಾತು ತೆಗೆದಳು. ಹೊರಡುವಾಗ ಬಾಗಿಲವರೆಗೆ ಬರಲು ಏಳಹೋಗಿ, ಆಗದೆ, ಮಂಚದ ಅಂಚು ಹಿಡಿದು ಕೂತುಬಿಟ್ಟಳು.

ಈಗ ಆ ಆಸ್ಪತ್ರೆಯ ಸಭೆ ಒಂದು ಗಂಟೆಯೊಳಗೆ ಮುಗಿಯುತ್ತದೆ. ಹಿಂದಿನ ತಿಂಗಳ ಪಟ್ಟಿ ಓದುವುದರಿಂದಲೇ ಶುರು: ಆಗಿದೆಯೋ ಇಲ್ಲವೋ, ಇಲ್ಲದಿದ್ದರೆ ಹೊಸ ದಿನ ಯಾವುದು. ಧನಪಾಲರು ದೀಪಾಲಿಯ ನಡಾವಳಿಯನ್ನು ಸಿನಿಮಾ ಎನ್ನುವುದಿಲ್ಲ. ಸಹಿ ಮಾಡುವ ಮೊದಲು ಕನ್ನಡಕ ಹಾಕಿಕೊಂಡು ಓದುತ್ತಾರೆ. ಜಿನಮತಿ ಮಾತಾಡುತ್ತಾಳೆ, ಕೆಲಸದ ಮಟ್ಟಿಗೆ.

ಜ್ಯೋತೆಪ್ಪ ಮಾಧವನಗರದಲ್ಲಿ ಒಂದು ಮಗ್ಗದ ಶೆಡ್ಡಿನಲ್ಲಿ ಮೋಟಾರು ನೋಡಿಕೊಂಡಿದ್ದಾನೆಂದು ದೀಪಾಲಿಗೆ ಗೊತ್ತು. ಸಾಂಗ್ಲಿಯಿಂದ ಶೇರ್ ಆಟೋ ಹತ್ತಿದರೆ ಹೆಚ್ಚು ಹೊತ್ತಿನ ದಾರಿಯಲ್ಲ. ಒಮ್ಮೆ ಹೋಗಿ ಬರಬೇಕು ಎಂದು ಪ್ರತಿ ಭಾನುವಾರ ಅಂದುಕೊಳ್ಳುತ್ತಾಳೆ. ಹೋಗಿ ಏನು ಹೇಳಬೇಕೆಂಬುದು ಮಾತ್ರ ಅವಳಿಗೆ ಇನ್ನೂ ತಿಳಿದಿಲ್ಲ.